ವ್ಯಾನು ಕೊಳ್ಳುವುದೋ, ಲೀಸಿಗೆ ಪಡೆಯುವುದೋ?

ಹುಬ್ಬಳ್ಳಿಯ ದಿನಸಿ ಸಗಟು ಅಂಗಡಿಯೊಂದಕ್ಕೆ ಸ್ವಂತ ಸಾಗಣೆಗೆ 10 ಲಕ್ಷದ ವ್ಯಾನು ಬೇಕು ಎಂದುಕೊಳ್ಳಿ. ಲೀಸಾದರೆ ಪ್ರತಿ ವರ್ಷದ ಕೊನೆಗೆ 2.6 ಲಕ್ಷ ಬಾಡಿಗೆ, ಮೂರು ವರ್ಷ. ಕೂಡಿದರೆ 7.8 ಲಕ್ಷ, ಲೀಸೇ ಅಗ್ಗ ಎನ್ನುವವರು ಲೆಕ್ಕವನ್ನು ಅರ್ಧಕ್ಕೇ ಬಿಟ್ಟವರು.

ಬಾಡಿಗೆ ಪೂರ್ತಿ ವ್ಯಾಪಾರದ ಖರ್ಚು. ತೆರಿಗೆ ಶೇ 30 ಎಂದಿಟ್ಟರೆ ಕೈಯಿಂದ ಹೋಗುವುದು ವರ್ಷಕ್ಕೆ 1.82 ಲಕ್ಷ. ಮುಂದೆ ಕೊಡುವ ಹಣ ಇಂದಿನಷ್ಟು ಭಾರವಲ್ಲ. ವರ್ಷಕ್ಕೆ ಶೇ 10ರಂತೆ ಇಳಿಸಿದರೆ ಲೀಸಿನ ಇಂದಿನ ಮೌಲ್ಯ ಸುಮಾರು 4.53 ಲಕ್ಷ.

ಕೊಂಡರೆ 10 ಲಕ್ಷ ಇವತ್ತೇ ಹೋಗುತ್ತದೆ. ಆದರೆ ಉಳಿದ ಮೌಲ್ಯದ ಮೇಲೆ ಪ್ರತಿವರ್ಷ ಶೇ 15 ಸವಕಳಿ ಸಿಗುತ್ತದೆ: 1.5 ಲಕ್ಷ, 1.275 ಲಕ್ಷ, 1.084 ಲಕ್ಷ. ಅದರಿಂದ ಉಳಿಯುವ ತೆರಿಗೆಯ ಇಂದಿನ ಮೌಲ್ಯ ಸುಮಾರು 97 ಸಾವಿರ. ಮೂರು ವರ್ಷದ ಬಳಿಕ ವ್ಯಾನು 6 ಲಕ್ಷಕ್ಕೆ ಹೋದರೆ, ಅದು ಇಂದಿನ 4.51 ಲಕ್ಷ. ನಿವ್ವಳ ವೆಚ್ಚ 4.52 ಲಕ್ಷ. ಎರಡೂ ಸಮ!

ಹಾಗಾದರೆ ತೀರ್ಪು ಕೊಡುವುದು ಮರುಮಾರಾಟದ ಬೆಲೆ. 5 ಲಕ್ಷಕ್ಕಷ್ಟೇ ಹೋದರೆ ಖರೀದಿಯ ವೆಚ್ಚ 5.27 ಲಕ್ಷಕ್ಕೇರುತ್ತದೆ, ಲೀಸು ಗೆಲ್ಲುತ್ತದೆ. ಆದ್ದರಿಂದ ಶೋರೂಮಿಗಿಂತ ಮೊದಲು ಹಳೆ ಗಾಡಿಗಳ ದಲ್ಲಾಳಿಯನ್ನು ವಿಚಾರಿಸುವುದು ಮೇಲು. ಮನೆಯ ಕಾರು ಕೊಳ್ಳುವ ಸಂಬಳದಾರರಿಗೆ ಈ ಸವಕಳಿಯ ಲಾಭವಿಲ್ಲ. ಅವರ ಲೆಕ್ಕವೇ ಬೇರೆ.