ಮೈಸೂರಿನ ಬಿಸಿಲು, ಮಗುವಿನ ಟೋಪಿ: ತಪ್ಪು ಕಲ್ಪನೆ ಮತ್ತು ಸತ್ಯ

ಏಪ್ರಿಲ್ ರಜೆಯ ಯಾವುದಾದರೂ ಭಾನುವಾರ ಮೈಸೂರು ಮೃಗಾಲಯದ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ತೋಳಿಲ್ಲದ ತೆಳು ಬನಿಯನ್ ತೊಟ್ಟು ಬರಿತಲೆಯಲ್ಲಿ ಓಡಾಡುವ ಮೂರು ನಾಲ್ಕು ವರ್ಷದ ಮಕ್ಕಳು ಕಾಣುತ್ತಾರೆ. ಅವರ ಪಕ್ಕದಲ್ಲೇ ಉಣ್ಣೆ ಟೋಪಿ, ಕಾಲುಚೀಲ, ಮೇಲೊಂದು ದಪ್ಪ ಹೊದಿಕೆಯಲ್ಲಿ ಬೆವರುತ್ತ ತೋಳಿನಲ್ಲಿ ಮಲಗಿರುವ ಹಸುಗೂಸುಗಳೂ ಕಾಣುತ್ತವೆ. ಎರಡು ಕಡೆಯೂ ಹೆತ್ತವರ ಕಾಳಜಿಗೆ ಕೊರತೆಯಿಲ್ಲ. ಆದರೆ ಬಿಸಿಲಿನ ಸೆಕೆ ಬೇರೆ, ಚರ್ಮ ಸುಡುವ ಕಿರಣ ಬೇರೆ ಎಂಬುದನ್ನು ಇಬ್ಬರಿಗೂ ಯಾರೂ ಹೇಳಿಲ್ಲ. ಸೆಕೆ ಮೈಗೆ ತಿಳಿಯುತ್ತದೆ. ನೇರಳಾತೀತ ಕಿರಣ ಕಣ್ಣಿಗೂ ಕಾಣದು, ಮೈಗೂ ತಿಳಿಯದು. ಈ ಎರಡನ್ನೂ ಒಂದೇ ಎಂದುಕೊಳ್ಳುವುದರಿಂದಲೇ ಮುಂದೆ ಹೇಳುವ ತಪ್ಪು ಕಲ್ಪನೆಗಳೆಲ್ಲ ಹುಟ್ಟಿವೆ.

ತಪ್ಪು ಕಲ್ಪನೆ: ಮೈಸೂರಿನ ಹವೆ ತಂಪು, ಇಲ್ಲಿನ ಬಿಸಿಲು ಮಕ್ಕಳಿಗೆ ಏನೂ ಮಾಡದು

ಹವೆ ತಂಪು ಎಂಬುದು ನಿಜ. ಕಲಬುರಗಿ, ರಾಯಚೂರಿನ ಬೇಸಿಗೆಗೆ ಹೋಲಿಸಿದರೆ ನಮ್ಮದು ಬೇಸಿಗೆಯೇ ಅಲ್ಲ ಎನ್ನಬಹುದು. ಆದರೆ ಮೈಸೂರು ಸಮಭಾಜಕಕ್ಕೆ ಹತ್ತಿರದ ಊರು, ಉತ್ತರಕ್ಕೆ 12 ಡಿಗ್ರಿ ಚಿಲ್ಲರೆ. ಸಮುದ್ರ ಮಟ್ಟಕ್ಕಿಂತ ಸುಮಾರು 760 ಮೀಟರ್ ಎತ್ತರದಲ್ಲಿದೆ. ಎತ್ತರ ಸಾವಿರ ಮೀಟರ್ ಏರಿದಂತೆ ನೇರಳಾತೀತ ಕಿರಣ ಸುಮಾರು ನೂರಕ್ಕೆ ಹತ್ತರಷ್ಟು ಹೆಚ್ಚುತ್ತದೆ. ಮೈಸೂರನ್ನು ತಂಪಾಗಿಸಿದ ಎತ್ತರವೇ ಅದರ ಬಿಸಿಲನ್ನು ಚುರುಕಾಗಿಸಿದೆ.

ಇನ್ನೊಂದು ವಿಷಯ ಹೆಚ್ಚು ಜನರ ಗಮನಕ್ಕೆ ಬಂದಿಲ್ಲ. ಸೂರ್ಯ ನಮ್ಮ ನೆತ್ತಿಯ ಮೇಲೆ ನೇರವಾಗಿ ಬರುವುದು ವರ್ಷಕ್ಕೆ ಎರಡು ಸಲ. ಒಮ್ಮೆ ಏಪ್ರಿಲ್ ಮೂರನೇ ವಾರ ಕಳೆಯುವ ಹೊತ್ತಿಗೆ, ಮತ್ತೊಮ್ಮೆ ಆಗಸ್ಟ್ 20ರ ಸುಮಾರಿಗೆ. ಆಗಸ್ಟಿನಲ್ಲಿ ಮೋಡ ಇರುತ್ತದೆ, ತಣ್ಣನೆ ಗಾಳಿ ಬೀಸುತ್ತದೆ, ಮಗುವನ್ನು ಕಾರಂಜಿ ಕೆರೆಗೋ ಚೆಲುವಾಂಬ ಪಾರ್ಕಿಗೋ ಕರೆದೊಯ್ದವರಿಗೆ ಟೋಪಿಯ ನೆನಪೇ ಬರುವುದಿಲ್ಲ. ತೆಳು ಮೋಡ ನೇರಳಾತೀತ ಕಿರಣದ ಹೆಚ್ಚಿನ ಪಾಲನ್ನು ಹಾಗೆಯೇ ಕೆಳಗೆ ಬಿಡುತ್ತದೆ. ಮೋಡ ಸರಿದ ಅರ್ಧ ಗಂಟೆಯಲ್ಲಂತೂ ಅದು ಏಪ್ರಿಲ್‌ನ ಬಿಸಿಲೇ.

ಅಳೆಯಲು ಉಪಕರಣ ಬೇಕಿಲ್ಲ, ಮಗುವಿನ ನೆರಳು ನೋಡಿದರೆ ಸಾಕು. ನೆರಳು ಮಗುವಿಗಿಂತ ಉದ್ದವಿದ್ದರೆ ಬಿಸಿಲು ಮೆದು, ಮಗುವಿಗಿಂತ ಗಿಡ್ಡವಿದ್ದರೆ ಬಿಸಿಲು ಕಟು. ಮೈಸೂರಿನಲ್ಲಿ ಸೂರ್ಯ ನಡುನೆತ್ತಿಗೆ ಬರುವುದು ಹನ್ನೆರಡಕ್ಕಲ್ಲ, ಸುಮಾರು 12 ಗಂಟೆ 20 ನಿಮಿಷಕ್ಕೆ. ಅದರ ಆಚೀಚಿನ ಎರಡೆರಡು ಗಂಟೆ, ಅಂದರೆ ಸುಮಾರು ಹತ್ತು ಇಪ್ಪತ್ತರಿಂದ ಎರಡು ಇಪ್ಪತ್ತರವರೆಗೆ, ಚಿಕ್ಕ ಮಕ್ಕಳು ಮರದಡಿಯಲ್ಲಿರಬೇಕು ಇಲ್ಲವೇ ಮನೆಯಲ್ಲಿರಬೇಕು. ಎಂಥ ಒಳ್ಳೆಯ ಬಟ್ಟೆಯೂ ಟೋಪಿಯೂ ಈ ಹೊತ್ತಿನ ನೆರಳಿಗೆ ಬದಲಾಗದು.

ತಪ್ಪು ಕಲ್ಪನೆ: ತೆಳು ಬಿಳಿ ಹತ್ತಿಬಟ್ಟೆ ಹಾಕಿದರೆ ಬಿಸಿಲಿನ ಭಯವಿಲ್ಲ

ಸೆಕೆಗೆ ಇದು ಒಳ್ಳೆಯ ಬಟ್ಟೆ. ಸುಡುವ ಕಿರಣಕ್ಕೆ ದುರ್ಬಲ ಬಟ್ಟೆ. ಬಟ್ಟೆ ಎಷ್ಟು ಕಿರಣ ತಡೆಯುತ್ತದೆ ಎಂಬುದಕ್ಕೆ ಯುಪಿಎಫ್ ಎಂಬ ಅಳತೆ ಇದೆ. ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್ 1996ರಲ್ಲಿ ಇದಕ್ಕೆ ಮೊದಲ ಮಾನದಂಡ ತಂದವು. ಲೆಕ್ಕ ಸುಲಭ: ಯುಪಿಎಫ್ 50 ಎಂದರೆ ಐವತ್ತರಲ್ಲಿ ಒಂದು ಪಾಲು ಕಿರಣ ಮಾತ್ರ ಒಳಗೆ ಬರುತ್ತದೆ. ಸಾಮಾನ್ಯ ತೆಳು ಬಿಳಿ ಟೀ ಶರ್ಟಿನ ಅಳತೆ 5ರಿಂದ 7ರ ಆಸುಪಾಸು, ಒದ್ದೆಯಾದರೆ 3ಕ್ಕೆ ಇಳಿಯುವುದುಂಟು.

ಮೈಸೂರಿಗೆ ಸಮುದ್ರವಿಲ್ಲ. ನಮ್ಮ ಮಕ್ಕಳ ಮರಳು, ನೀರು ಎಂದರೆ ಹೆಚ್ಚಾಗಿ ತಲಕಾಡಿನ ಕಾವೇರಿ ತೀರ, ವರ್ಷಕ್ಕೊಮ್ಮೆ ಮಲ್ಪೆಯೋ ಪಣಂಬೂರೋ. ತಲಕಾಡನ್ನೇ ತೆಗೆದುಕೊಳ್ಳಿ. ಬೆಳಿಗ್ಗೆ ತಿಂಡಿ ಮುಗಿಸಿ ಹೊರಟ ಕುಟುಂಬ ಹತ್ತೂವರೆಗೆ ತಲುಪಿ, ದೇವಸ್ಥಾನ ನೋಡಿ, ಹನ್ನೊಂದರಿಂದ ಒಂದರವರೆಗೆ ಮೊಣಕಾಲುದ್ದ ನೀರಿನಲ್ಲಿ ಮಗುವನ್ನು ಆಡಲು ಬಿಡುತ್ತದೆ. ಬರಿಮೈ ಕೆಂಪಾಗಲು ಆ ಹೊತ್ತಿನಲ್ಲಿ ಅರ್ಧ ಗಂಟೆ ಸಾಕು ಎಂದು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಅಳತೆ 6ರ ಒಣ ಬಟ್ಟೆಯಡಿ ಅಷ್ಟೇ ಕಿರಣ ತಾಗಲು ಮೂರು ಗಂಟೆ ಬೇಕು. ಆದರೆ ಮಗು ನೀರಿಗಿಳಿದ ಐದನೇ ನಿಮಿಷಕ್ಕೇ ಬಟ್ಟೆ ನೆನೆದು ಬೆನ್ನಿಗೆ ಅಂಟಿದೆ. ಅಳತೆ 3ಕ್ಕೆ ಬಂದಾಗ ಮೂರು ಗಂಟೆಯ ರಕ್ಷಣೆ ಒಂದೂವರೆ ಗಂಟೆಗೆ ಇಳಿಯಿತು, ಮಗು ಆಡಿದ್ದು ಎರಡು ಗಂಟೆ. ಬಟ್ಟೆಯೇ ಇಲ್ಲದ ಕತ್ತು, ಕಿವಿ, ಮೂಗಿನ ಮಾತು ಹೇಳುವುದೇ ಬೇಡ. ಜೊತೆಗೆ ಒಣ ಮರಳು ತನ್ನ ಮೇಲೆ ಬಿದ್ದ ಕಿರಣದಲ್ಲಿ ಸುಮಾರು ನೂರಕ್ಕೆ ಹದಿನೈದರಷ್ಟನ್ನು ಮೇಲಕ್ಕೆ ಎಸೆಯುತ್ತದೆ. ಅದು ಟೋಪಿಯ ಅಡಿಯಿಂದ ಮುಖಕ್ಕೆ ಬರುತ್ತದೆ, ಕೊಡೆಯ ಕೆಳಗೂ ಬರುತ್ತದೆ.

ಇದರ ಫಲ ಅಲ್ಲೇ ಕಾಣುವುದಿಲ್ಲ. ಸುಟ್ಟ ಚರ್ಮ ನಾಲ್ಕಾರು ಗಂಟೆ ಕಳೆದ ಮೇಲೆ ಗುಟ್ಟು ಬಿಟ್ಟುಕೊಡುತ್ತದೆ. ನಮ್ಮ ಮಕ್ಕಳ ಕಂದು ಮೈಯಲ್ಲಿ ಕೆಂಪು ಎದ್ದು ಕಾಣದ ಕಾರಣ ಬಹಳ ಜನ ಅದನ್ನು ಗುರುತಿಸುವುದೇ ಇಲ್ಲ. ರಾತ್ರಿ ಸ್ನಾನಕ್ಕೆ ಉಗುರು ಬೆಚ್ಚಗಿನ ನೀರು ಹುಯ್ದಾಗ ಮಗು ಭುಜ ಹಿಂದಕ್ಕೆಳೆದು ಅತ್ತರೆ, ಆ ಜಾಗ ಮುಟ್ಟಿದರೆ ಸುತ್ತಲಿಗಿಂತ ಬಿಸಿಯಾಗಿದ್ದರೆ, ಮೂರು ನಾಲ್ಕು ದಿನದ ಮೇಲೆ ಅಲ್ಲಿ ತೆಳುವಾಗಿ ಸಿಪ್ಪೆ ಎದ್ದರೆ, ಅದು ಬಿಸಿಲು ಸುಟ್ಟ ಗಾಯ. ದೃಷ್ಟಿ ತೆಗೆದು ಮಲಗಿಸುವ ಮೊದಲು ಭುಜ, ಹೆಗಲು ಮುಟ್ಟಿ ನೋಡಿ. ಬೊಬ್ಬೆ ಎದ್ದರೆ, ಜ್ವರ ಬಂದರೆ, ಒಂದು ವರ್ಷದೊಳಗಿನ ಕೂಸಾಗಿದ್ದರೆ ಡಾಕ್ಟರಿಗೆ ತೋರಿಸಲೇಬೇಕು.

ಹಾಗಾದರೆ ಎಂಥ ಬಟ್ಟೆ? ಬಣ್ಣಕ್ಕಿಂತ ಮೊದಲು ನೇಯ್ಗೆ ನೋಡಿ. ಬಟ್ಟೆಯೊಳಗೆ ಕೈ ತೂರಿಸಿ ಕಿಟಕಿಯ ಬೆಳಕಿಗೆ ಹಿಡಿಯಿರಿ. ಬೆರಳುಗಳ ಆಕಾರ ಒಂದೊಂದಾಗಿ ಎಣಿಸಲು ಬಂದರೆ ಅದು ಮನೆಯೊಳಗಿನ ಬಟ್ಟೆ. ಒತ್ತಾದ ನೇಯ್ಗೆ, ನೀಲಿ ಅಥವಾ ಕೆಂಪಿನಂಥ ಗಾಢ ಬಣ್ಣ, ಮೊಣಕೈ ದಾಟುವ ತೋಳು, ಗಾಳಿಯಾಡುವಷ್ಟು ಅಳ್ಳಕ, ಇಷ್ಟಿದ್ದರೆ ಪಾರ್ಕಿಗೆ ಸಾಕು. ನಾಲ್ಕಾರು ಸಲ ಒಗೆದು ಕುಗ್ಗಿದ ಹತ್ತಿ ಹೊಸದಕ್ಕಿಂತ ಹೆಚ್ಚು ತಡೆಯುತ್ತದೆ, ಸವೆದು ಜಾಳಾದದ್ದು ಕಡಿಮೆ ತಡೆಯುತ್ತದೆ. ನೀರಿಗಿಳಿಯುವುದಾದರೆ ಮಾತ್ರ ಯುಪಿಎಫ್ 50 ಎಂದು ಚೀಟಿ ಇರುವ ಪಾಲಿಯೆಸ್ಟರ್ ಈಜು ಅಂಗಿಗೆ ದುಡ್ಡು ಹಾಕುವುದು ಸಾರ್ಥಕ, ಒದ್ದೆಯಾದರೂ ಅದು ಹತ್ತಿಯಂತೆ ಕೈಕೊಡುವುದಿಲ್ಲ. ಅಂಗಿ ಮೈಗೆ ಸರಿಯಾಗಿರಲಿ. ಕಳೆದ ವರ್ಷದ ಅಂಗಿಯನ್ನು ಎಳೆದು ತೊಡಿಸಿದರೆ ಹೆಣಿಗೆ ಬಿಚ್ಚಿಕೊಂಡು ಕಿರಣಕ್ಕೆ ದಾರಿ ಮಾಡಿಕೊಡುತ್ತದೆ.

ತಪ್ಪು ಕಲ್ಪನೆ: ಟೋಪಿ ಯಾವುದಾದರೇನು, ತಲೆ ಮುಚ್ಚಿದರಾಯಿತು

ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬ ಗಾದೆಯ ನಾಡು ನಮ್ಮದು. ಹಳೆಯ ಕುಲಾವಿಯ ಹಿಂಬದಿಯ ಬಟ್ಟೆ ಕತ್ತಿನವರೆಗೆ ಇಳಿದಿರುತ್ತಿತ್ತು, ಕಿವಿಯೂ ಮುಚ್ಚುತ್ತಿತ್ತು. ಈಗಿನ ಕ್ರಿಕೆಟ್ ಟೋಪಿ ಹಣೆಗೆ ಮಾತ್ರ ನೆರಳು ಕೊಡುತ್ತದೆ, ಕಿವಿಯನ್ನೂ ಕತ್ತನ್ನೂ ಬಿಸಿಲಿಗೆ ಒಪ್ಪಿಸುತ್ತದೆ. ಆದರೆ ಕುಲಾವಿಗೆ ಮುಂಭಾಗದಲ್ಲಿ ಅಂಚಿಲ್ಲ, ಕಣ್ಣು ಮೂಗಿಗೆ ನೆರಳಿಲ್ಲ. ಮಕ್ಕಳ ಕಣ್ಣಿನ ಮಸೂರ ದೊಡ್ಡವರದ್ದಕ್ಕಿಂತ ತಿಳಿಯಾಗಿದ್ದು ಹೆಚ್ಚು ಕಿರಣವನ್ನು ಒಳಗೆ ಬಿಡುತ್ತದೆ, ಆದ್ದರಿಂದ ಮುಖದ ನೆರಳು ಚರ್ಮಕ್ಕೆ ಬೇಕಾದಷ್ಟೇ ಕಣ್ಣಿಗೂ ಬೇಕು. ಸುತ್ತಲೂ ಕನಿಷ್ಠ 5 ಸೆಂಟಿಮೀಟರ್ ಅಂಚು ಇರುವ ಹತ್ತಿಯ ಟೋಪಿ, ಇಲ್ಲವೇ ಮುಂದೆ ಅಂಚು ಹಿಂದೆ ಕುಲಾವಿಯಂತೆ ಇಳಿಬಿದ್ದ ಬಟ್ಟೆ ಇರುವ ಟೋಪಿ ಸರಿ. ಹಳೆ ಹತ್ತಿ ಸೀರೆಯ ಒತ್ತಾದ ಸೆರಗಿನಿಂದ ಬೀದಿಯ ದರ್ಜಿಯೇ ಇದನ್ನು ಹೊಲಿದುಕೊಡಬಲ್ಲ.

ತೋಳಿನಲ್ಲಿ ಒರಗಿದ ಅಥವಾ ತಳ್ಳುಗಾಡಿಯಲ್ಲಿ ಮಲಗಿದ ಕೂಸಿಗೆ ಹಿಂದೆ ಗಡುಸಾದ ಅಂಚಿರಬಾರದು. ಹಿಂದಿನ ಅಂಚು ಒತ್ತಿದಾಗ ಟೋಪಿ ಮುಂದೆ ಸರಿದು ಮೂಗಿನ ಮೇಲೆ ಕೂರುತ್ತದೆ. ಗದ್ದದ ಕೆಳಗಿನ ದಾರದ ವಿಷಯದಲ್ಲಿ ನಾನು ಕಟ್ಟುನಿಟ್ಟು. ಪಾರ್ಕಿನ ಜಾರುಬಂಡೆ, ಏಣಿಗೆ ಹೋಗುವ ಮಗುವಿನ ಟೋಪಿಗೆ ಗಂಟು ಹಾಕುವ ದಾರ ಬೇಡವೇ ಬೇಡ. ಕಂಬಿಗೆ ಟೋಪಿ ಸಿಕ್ಕಿಕೊಂಡರೆ ಆ ದಾರ ಕುತ್ತಿಗೆಗೆ ಉರುಳಾಗುತ್ತದೆ. ಎಳೆದರೆ ತಾನೇ ಬಿಟ್ಟುಕೊಳ್ಳುವ ಪಟ್ಟಿ ಇರಲಿ, ಇಲ್ಲದಿದ್ದರೆ ದಾರ ಕತ್ತರಿಸಿ ಹಾಕಿ.

ತಪ್ಪು ಕಲ್ಪನೆ: ಹಸುಗೂಸನ್ನು ಪೂರ್ತಿ ಮುಚ್ಚಿದರೆ ಕ್ಷೇಮ

ಆರು ತಿಂಗಳೊಳಗಿನ ಕೂಸನ್ನು ನೇರ ಬಿಸಿಲಿಗೆ ಒಡ್ಡಲೇಬಾರದು. ಅದಕ್ಕೆ ನೆರಳು, ಬಟ್ಟೆ, ಟೋಪಿಯೇ ಮೊದಲ ರಕ್ಷಣೆ, ಸನ್‌ಸ್ಕ್ರೀನ್ ಅಲ್ಲ. ಆದರೆ ಮುಚ್ಚುವುದಕ್ಕೂ ಮಿತಿ ಇದೆ. ಕೂಸಿನ ಮೈಗೆ ದೊಡ್ಡವರಂತೆ ಬೆವರಿ ತಣಿಯಲು ಬರುವುದಿಲ್ಲ. ದೇಹದ ಅಳತೆಗೆ ಅದರ ತಲೆ ದೊಡ್ಡದು, ಕಾವು ಹೊರಹೋಗುವ ಮುಖ್ಯ ದಾರಿಗಳಲ್ಲಿ ತಲೆಯೂ ಒಂದು. ಉಣ್ಣೆ ಟೋಪಿ ಆ ದಾರಿ ಮುಚ್ಚುತ್ತದೆ. ತಳ್ಳುಗಾಡಿಯ ಬಾಯಿಗೆ ವೇಲು ಕಟ್ಟಿದರೆ ಒಳಗಿನ ಗಾಳಿ ನಿಂತು ಕಾವು ಏರುತ್ತದೆ, ಹೊರಗೆ ತಳ್ಳುವವರಿಗೆ ಅದು ಗೊತ್ತೂ ಆಗುವುದಿಲ್ಲ. ಗಾಡಿಯ ಮೇಲ್ಛಾವಣಿಯನ್ನು ಬಿಸಿಲಿನ ಕಡೆ ತಿರುಗಿಸಿ, ಉಳಿದ ಮೂರು ಬದಿ ತೆರೆದಿಡಿ.

ಕೂಸಿಗೆ ಕಾವಾಗಿದೆಯೇ ಎಂದು ಕೈಕಾಲು ಮುಟ್ಟಿ ಹೇಳಲಾಗದು, ಅವು ತಣ್ಣಗೇ ಇರುತ್ತವೆ. ಹಿಂಗತ್ತು, ಎದೆ ಮುಟ್ಟಿ ನೋಡಿ. ಅಲ್ಲಿ ಬಿಸಿ, ಬೆವರು ಇದ್ದರೆ ಒಂದು ಪದರ ಕಳಚಿ ನೆರಳಿಗೆ ಹೋಗಿ ಹಾಲೂಡಿಸಿ. ಮಂಕಾಗಿ ಹಾಲು ಕುಡಿಯದಿದ್ದರೆ, ಎಬ್ಬಿಸಿದರೂ ಏಳದಿದ್ದರೆ ಆಸ್ಪತ್ರೆಗೆ ಓಡಬೇಕು.

ತಪ್ಪು ಕಲ್ಪನೆ: ನಮ್ಮ ಮೈಬಣ್ಣಕ್ಕೆ ಇದೆಲ್ಲ ಬೇಡ, ಮುಚ್ಚಿದರೆ ವಿಟಮಿನ್ ಡಿ ಸಿಗದು

ಕಂದು ಚರ್ಮದ ಮೆಲನಿನ್ ಕಾಪಾಡುತ್ತದೆ ಎಂಬುದು ಸತ್ಯ, ನಮ್ಮಲ್ಲಿ ಚರ್ಮದ ಕ್ಯಾನ್ಸರ್ ಬಿಳಿಯರಲ್ಲಿ ಇರುವುದಕ್ಕಿಂತ ಬಹಳ ಕಡಿಮೆ. ಆದರೆ ಆ ರಕ್ಷಣೆ ಅರೆಬರೆ. ಎಳೆಗೂಸಿನ ಚರ್ಮ ತೆಳು, ಅದರ ಬಣ್ಣ ಇನ್ನೂ ಪೂರ್ತಿ ಕೂಡಿರುವುದಿಲ್ಲ. ಕಣ್ಣಿಗೂ ಮೈಯ ಕಾವಿಗೂ ಮೈಬಣ್ಣ ಯಾವ ರಕ್ಷಣೆಯನ್ನೂ ಕೊಡದು. ಇನ್ನು ಕೆಲವರು ಟೋಪಿ ಹಾಕುವುದೇ ಮಗು ಕಪ್ಪಾಗದಿರಲಿ ಎಂದು. ಕಪ್ಪಾಗುವುದು ಕಾಯಿಲೆಯಲ್ಲ, ಆ ಮಾತು ಮಗುವಿನ ಕಿವಿಗೆ ಬೀಳದಿರಲಿ. ಟೋಪಿ ಬೇಕಿರುವುದು ಸುಡದಿರಲು, ಕಾವೇರದಿರಲು.

ವಿಟಮಿನ್ ಡಿ ಕುರಿತ ಭಯಕ್ಕೆ ಆಧಾರವಿದೆ, ಪರಿಹಾರ ಮಾತ್ರ ತಪ್ಪು. ಎಣ್ಣೆ ಹಚ್ಚಿ ಏಳು ಗಂಟೆಯ ಎಳೆಬಿಸಿಲಿಗೆ ಹಿಡಿಯುವುದರಿಂದ ಕೂಸಿಗೆ ಬೆಚ್ಚಗಾಗುತ್ತದೆ, ಆದರೆ ವಿಟಮಿನ್ ಹುಟ್ಟಿಸುವ ಕಿರಣ ಆ ಹೊತ್ತಿನಲ್ಲಿ ತೀರ ಕಡಿಮೆ. ಕಿಟಕಿಯ ಗಾಜು ಅದನ್ನೂ ತಡೆಯುತ್ತದೆ. ಅದಕ್ಕಾಗಿ ಮಟಮಟ ಮಧ್ಯಾಹ್ನ ಕೂಸನ್ನು ಬಿಸಿಲಿಗೆ ಇಡುವುದೂ ಸಲ್ಲದು. ಹುಟ್ಟಿದ ಕೂಸಿಗೆ ಮೊದಲ ವರ್ಷ ಪೂರ್ತಿ ದಿನಕ್ಕೆ 400 ಐಯು ವಿಟಮಿನ್ ಡಿ ಹನಿ ಹಾಕಬೇಕೆಂದು ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯೇ ಹೇಳುತ್ತದೆ. ನಿಮ್ಮ ಮನೆಯ ಕೂಸಿಗೆ ಈ ಹನಿ ನಡೆಯುತ್ತಿದೆಯೇ ಎಂದು ಮುಂದಿನ ಸಲ ಲಸಿಕೆಗೆ ಹೋದಾಗ ಡಾಕ್ಟರನ್ನು ಕೇಳಿ.