ಮದುವೆ ಊಟ ಉಳಿಯುವುದು ಎಲ್ಲಿ?

ಕಲ್ಯಾಣ ಮಂಟಪಗಳಲ್ಲಿ ಊಟ ಪೋಲಾಗುವುದನ್ನು ತಡೆಯುವ ಸ್ಟಾರ್ಟಪ್ ಒಂದನ್ನು ಮೂಡಿಗೆರೆಯಲ್ಲೋ ಕಳಸದಲ್ಲೋ ಶುರುಮಾಡಲು ಹೊರಟವರು ಹಣ ಹಾಕುವವರ ಮುಂದೆ ಎರಡು ಮಾತು ಹೇಳಬೇಕಾಗುತ್ತದೆ: ಸಮಸ್ಯೆ ಏನು, ತಾವು ಮಾಡುವುದೇನು. ಎರಡರಲ್ಲೂ ತಪ್ಪು ಕಲ್ಪನೆಗಳು ಸುಲಭವಾಗಿ ನುಸುಳುತ್ತವೆ.

ತಪ್ಪು ಕಲ್ಪನೆ: ದೊಡ್ಡ ಅಂಕಿ ಇದ್ದರೆ ಸಾಕು.

ವಾಸ್ತವ: ಬೆಂಗಳೂರು ಕೃಷಿ ವಿಶ್ವವಿದ್ಯಾಲಯ 75 ಮಂಟಪಗಳಲ್ಲಿ ನಡೆಸಿದ ಸಮೀಕ್ಷೆಯ ಅಂಕಿಯನ್ನು ಇಂದಿಗೂ ಎಲ್ಲರೂ ಎತ್ತಿಕೊಳ್ಳುತ್ತಾರೆ. ನಗರದ ಮದುವೆಗಳಲ್ಲಿ ವರ್ಷಕ್ಕೆ 943 ಟನ್ ಆಹಾರ ಹಾಳಾಗುತ್ತದೆ, ಅದು 2.6 ಕೋಟಿ ಜನರ ಊಟಕ್ಕೆ ಸಾಕು ಎಂದು ಪತ್ರಿಕೆಗಳಲ್ಲಿ ಬಂದಿತ್ತು. ಭಾಗಿಸಿ ನೋಡಿದರೆ ತಲೆಗೆ ಬರುವುದು 36 ಗ್ರಾಂ. ಅದು ಊಟವಲ್ಲ. ಇಂಥ ಅಂಕಿ ಮೊದಲ ಪ್ರಶ್ನೆಗೇ ಕುಸಿಯುತ್ತದೆ. ಅದರ ಬದಲು ನಿಮ್ಮೂರಿನ ಒಂದೇ ಮಂಟಪದಲ್ಲಿ ಕೆಲವು ಮದುವೆಗಳ ಉಳಿಕೆಯನ್ನು ತೂಗಿ ಬರೆದಿಟ್ಟುಕೊಳ್ಳಿ.

ತಪ್ಪು ಕಲ್ಪನೆ: ಜನ ಎಲೆಯಲ್ಲಿ ಬಿಡುವುದರಿಂದಲೇ ಊಟ ಹಾಳಾಗುತ್ತದೆ.

ವಾಸ್ತವ: ತೂಗುವಾಗ ಎಲೆಯ ಎಂಜಲನ್ನೂ ಪಾತ್ರೆಯ ಉಳಿಕೆಯನ್ನೂ ಬೇರೆ ಬೇರೆ ಇಡಬೇಕು. ಎಂಜಲು ಗೊಬ್ಬರಕ್ಕಷ್ಟೇ ಸರಿ. ಪಾತ್ರೆಯಲ್ಲಿ ಉಳಿಯುವುದಕ್ಕೆ ಕಾರಣ ಲೆಕ್ಕ. ನಮ್ಮಲ್ಲಿ ಕರೆಯೋಲೆ ಸಿಕ್ಕವರು ಬರುತ್ತೇವೆ, ಬರುವುದಿಲ್ಲ ಎಂದು ತಿಳಿಸುವ ರೂಢಿಯಿಲ್ಲ. ಊಟ ಸಾಲದೆ ಹೋದರೆ ಮರ್ಯಾದೆಯ ಪ್ರಶ್ನೆ. ಹಾಗಾಗಿ ಸಾವಿರ ಜನಕ್ಕೆಂದು, ತಲೆಗೆ 100 ಗ್ರಾಂನಂತೆ, ಬೆಳಿಗ್ಗೆಯೇ ನೂರು ಕೆ.ಜಿ. ಅಕ್ಕಿ ಬೇಯಿಸಿದರು ಎಂದಿಟ್ಟುಕೊಳ್ಳಿ. ಬಂದವರು ಏಳುನೂರಾದರೆ ಮೂವತ್ತು ಕೆ.ಜಿ. ಅಕ್ಕಿಯ ಅನ್ನ, ಅಂದರೆ ಸುಮಾರು 75 ಕೆ.ಜಿ., ಹಾಗೇ ಕೂತಿರುತ್ತದೆ. ಮೊದಲು ಎಪ್ಪತ್ತು ಕೆ.ಜಿ. ಮಾತ್ರ ಬೇಯಿಸಿ, ಮೊದಲ ಪಂಕ್ತಿ ಏಳುವ ಹೊತ್ತಿಗೆ ಸಭಾಂಗಣದಲ್ಲಿ ಉಳಿದವರನ್ನು ಎಣಿಸಿ, ಬೇಕಿದ್ದರೆ ಮುಂದಿನ ಹಂಡೆಗೆ ಅಕ್ಕಿ ಹಾಕಿದ್ದರೆ ಆ ಮೂವತ್ತು ಕೆ.ಜಿ. ಮೂಟೆಯಲ್ಲೇ ಉಳಿಯುತ್ತಿತ್ತು. ನೀರು ಕುದಿಯುತ್ತಿರಬೇಕು, ಒಲೆ ಖಾಲಿ ಇರಬೇಕು, ಅಷ್ಟೇ. ಹುಳಿ, ಪಾಯಸಕ್ಕೆ ಈ ಉಪಾಯ ಅಷ್ಟಾಗಿ ನಡೆಯದು.

ತಪ್ಪು ಕಲ್ಪನೆ: ಉಳಿದದ್ದನ್ನು ಹಂಚಿದರಾಯಿತು.

ವಾಸ್ತವ: ಅನ್ನದಲ್ಲಿ ಬೇಯಿಸಿದರೂ ಸಾಯದ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳಿರುತ್ತವೆ. ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಕೂತರೆ ಅವು ಮೊಳೆತು ವಿಷ ಬಿಡುತ್ತವೆ, ಮತ್ತೆ ಕಾಯಿಸಿದರೂ ಆ ವಿಷ ಹೋಗುವುದಿಲ್ಲ. ಅನ್ನ ಹಳಸಿದ ವಾಸನೆ ಬರದಿದ್ದರೂ ಅಪಾಯ ಇದ್ದೇ ಇರುತ್ತದೆ. ಊಟ ಮುಗಿದು, ಪಾತ್ರೆ ತುಂಬಿ, ಘಾಟಿಯ ತಿರುವುಗಳಲ್ಲಿ ದೂರದ ಹಾಸ್ಟೆಲ್‌ಗೋ ತೋಟದ ಲೈನ್ ಮನೆಗಳಿಗೋ ತಲುಪುವಷ್ಟರಲ್ಲಿ ಸಂಜೆಯಾಗುತ್ತದೆ. ಹೆಚ್ಚುವರಿ ಆಹಾರದ ಹಂಚಿಕೆಗೆ 2019ರ ಕೇಂದ್ರ ನಿಯಮಾವಳಿಯೂ ಇದೆ. ಬಿಸಿಯಾಗಿ, 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಇಟ್ಟು ಒಯ್ಯಲಾಗದಿದ್ದರೆ ಕೊಡಲೇಬಾರದು. ತೋಟದ ಕೆಲಸದವರಿಗೂ ಮದುಮಕ್ಕಳ ನೆಂಟರು ಉಣ್ಣುವಷ್ಟೇ ಒಳ್ಳೆಯ ಊಟ ಸಲ್ಲಬೇಕು.

ತಪ್ಪು ಕಲ್ಪನೆ: ‘ಹಸಿದವರಿಗೆ ಅನ್ನ’ ಎಂಬ ಸಾಲೇ ಮನ ಮುಟ್ಟುತ್ತದೆ.

ವಾಸ್ತವ: ಅದರಲ್ಲಿ ಗಿರಾಕಿಯೇ ಇಲ್ಲ. ಹೀಗೆ ಬರೆಯಬಹುದು: ‘ದಿನಸಿಯನ್ನು ತಾವೇ ತರುವ ಮದುವೆ ಮನೆಯವರಿಗೆ, ಪಂಕ್ತಿ ಎಣಿಸಿ ಹಂಡೆ ಹಂಡೆಯಾಗಿ ಅನ್ನ ಮಾಡಿಸಿ, ಬೇಯಿಸದ ಅಕ್ಕಿಯನ್ನು ಉಳಿಸಿಕೊಡುತ್ತೇವೆ.’ ಎಲೆ ಲೆಕ್ಕದಲ್ಲಿ ಗುತ್ತಿಗೆ ಕೊಟ್ಟ ಕಡೆ ಈ ಸಾಲು ಸಲ್ಲದು. ಅಲ್ಲಿ ಉಳಿತಾಯ ಗುತ್ತಿಗೆದಾರರ ಪಾಲಾಗುವುದರಿಂದ ಅವರನ್ನೇ ಗಿರಾಕಿಯಾಗಿಸಿ ಬೇರೆ ಸಾಲು ಬರೆಯಬೇಕು.