ಶಾಂತಿಯನ್ನು ಮೂರು ಸಲ ಹೇಳುವುದೇಕೆ?

ಪೂಜೆಯೋ ಪ್ರವಚನವೋ ಮುಗಿದಾಗ ‘ಓಂ ಶಾಂತಿಃ ಶಾಂತಿಃ ಶಾಂತಿಃ’ ಎಂದು ಹೇಳಿ ಏಳುವುದು ನಮ್ಮಲ್ಲಿ ರೂಢಿ. ಹಾಗಾಗಿ ಇದು ಕೊನೆಯಲ್ಲಿ ಹೇಳುವ ಮಂಗಳದ ಮಾತು ಎಂದೇ ಬಹಳ ಮಂದಿಯ ಎಣಿಕೆ. ಆದರೆ ತೈತ್ತಿರೀಯ ಉಪನಿಷತ್ತಿನ ಶಿಕ್ಷಾವಲ್ಲಿಯಲ್ಲಿ ಪಾಠ ಶುರುವಾಗುವ ಮುಂಚೆಯೇ ಈ ಮಾತು ಬರುತ್ತದೆ. ಶಿಷ್ಯ ಮಿತ್ರ, ವರುಣ, ಇಂದ್ರ ಮೊದಲಾದ ದೇವತೆಗಳಿಂದ ಒಳಿತನ್ನು ಬೇಡಿ, ತನ್ನನ್ನೂ ಗುರುವನ್ನೂ ಕಾಪಾಡಲೆಂದು ಕೇಳಿ, ಮೂರು ಸಲ ಶಾಂತಿ ಹೇಳುತ್ತಾನೆ. ಇಲ್ಲಿ ಶಂಕರಾಚಾರ್ಯರು ಕಾರಣವನ್ನು ನೇರವಾಗಿ ಕೊಡುತ್ತಾರೆ: ವಿದ್ಯೆ ಪಡೆಯುವ ದಾರಿಯಲ್ಲಿ ವಿಘ್ನಗಳು ಮೂರು ಕಡೆಯಿಂದ ಬರುತ್ತವೆ, ಒಂದೊಂದರ ಶಮನಕ್ಕೂ ಒಂದೊಂದು ಶಾಂತಿ.

ಆ ಮೂರಕ್ಕೆ ಆಧ್ಯಾತ್ಮಿಕ, ಆಧಿಭೌತಿಕ, ಆಧಿದೈವಿಕ ಎಂದು ಹೆಸರು. ‘ಆಧ್ಯಾತ್ಮಿಕ’ ಎಂದರೆ ಇಲ್ಲಿ ಧ್ಯಾನ, ಮೋಕ್ಷಗಳ ಸಂಗತಿಯಲ್ಲ. ನಮ್ಮ ಮೈಮನಸ್ಸಿನಲ್ಲೇ ಹುಟ್ಟುವ ತೊಂದರೆ. ಈಶ್ವರಕೃಷ್ಣನ ಸಾಂಖ್ಯಕಾರಿಕೆ ಶುರುವಾಗುವುದೇ ಮೂರು ಬಗೆಯ ದುಃಖದ ಮಾತಿನಿಂದ. ಅದರ ವ್ಯಾಖ್ಯಾನಕಾರರು ವಾತ, ಪಿತ್ತ, ಕಫ ಕೆಟ್ಟು ಬರುವ ರೋಗವನ್ನೂ ಕಾಮ, ಕ್ರೋಧಗಳನ್ನೂ ಈ ಗುಂಪಿಗೇ ಸೇರಿಸುತ್ತಾರೆ. ಮನುಷ್ಯರು, ಪ್ರಾಣಿಗಳು, ಹಾವು, ಸೊಳ್ಳೆಗಳಿಂದ ಆಗುವುದು ಆಧಿಭೌತಿಕ. ಗಾಳಿ, ಮಳೆ, ಸಿಡಿಲುಗಳಂಥ, ಯಾರ ಕೈಯಲ್ಲೂ ಇಲ್ಲದ್ದು ಆಧಿದೈವಿಕ.

ಪಾಠಕ್ಕೆ ಕೂತ ಹುಡುಗನನ್ನು ನೆನೆದುಕೊಳ್ಳಿ. ಅವನಿಗೆ ಜ್ವರ ಬಂದರೂ ಮನಸ್ಸು ನಿಲ್ಲದಿದ್ದರೂ ಪಾಠ ಕೆಟ್ಟಿತು. ಅವನು ನೆಟ್ಟಗಿದ್ದು ಪಕ್ಕದ ಮನೆಯಲ್ಲಿ ಜಗಳ ಎದ್ದರೂ ಕೆಟ್ಟಿತು. ಎರಡೂ ಇಲ್ಲದೆ ಸಿಡಿಲು ಮಳೆ ಸುರಿದು ಗುರುವಿನ ದನಿಯೇ ಕೇಳಿಸದಿದ್ದರೂ ಅಷ್ಟೇ. ಮೂರರಲ್ಲಿ ಒಂದು ಬಾಕಿ ಉಳಿದರೂ ಕಲಿಕೆ ನಡೆಯದು. ಕೆಲವು ಗುರುಗಳು ಮೊದಲ ಶಾಂತಿಯನ್ನು ಗಟ್ಟಿಯಾಗಿ, ಎರಡನೆಯದನ್ನು ಮೆಲ್ಲಗೆ, ಮೂರನೆಯದನ್ನು ತನಗಷ್ಟೇ ಕೇಳುವಂತೆ ಹೇಳಿಸುವುದುಂಟು: ಮೊದಲನೆಯದು ದೈವಕ್ಕೆ, ಎರಡನೆಯದು ಸುತ್ತಲಿನವರಿಗೆ, ಕೊನೆಯದು ತನಗೆ. ನನಗಿದು ಇಷ್ಟ, ಆದರೆ ಶಂಕರರ ವಾಕ್ಯದಲ್ಲಿ ದನಿಯ ಏರಿಳಿತದ ಮಾತಿಲ್ಲ.

ಶಿಕ್ಷಾವಲ್ಲಿ ಮುಗಿಯುವಾಗ ಅದೇ ಪ್ರಾರ್ಥನೆ ಮತ್ತೆ ಬರುತ್ತದೆ. ಈಗ ‘ಕಾಪಾಡಲಿ’ ಎಂಬುದು ‘ಕಾಪಾಡಿತು’ ಎಂದಾಗಿರುತ್ತದೆ. ಕೇಳಿದ್ದು ಸಿಕ್ಕಿದೆ, ಆದರೂ ಮೂರು ಶಾಂತಿ ಬಿಟ್ಟಿಲ್ಲ. ಮುಂದಿನ ವಲ್ಲಿಯ ಪಾಠ ಇನ್ನೂ ಇದೆ.

ಆ ವಲ್ಲಿಯ ಮೊದಲಿಗೆ ಬರುವುದೇ ನಮ್ಮ ಎಷ್ಟೋ ಶಾಲೆಗಳಲ್ಲಿ ಮಕ್ಕಳು ಹೇಳುವ ‘ಸಹನಾವವತು’. ಗುರುಶಿಷ್ಯರು ಒಬ್ಬರನ್ನೊಬ್ಬರು ದ್ವೇಷಿಸದಿರಲಿ ಎಂಬ ಕೋರಿಕೆ ಅದರಲ್ಲಿದೆ. ಓದುವಾಗ ಇಬ್ಬರಲ್ಲಿ ಯಾರಾದರೂ ಮೈಮರೆತು ತಪ್ಪಿ ನಡೆದು ಮನಸ್ತಾಪ ಬರಬಹುದು, ಅದು ಶಮನವಾಗಲೆಂದು ಈ ಮಾತು ಎನ್ನುತ್ತಾರೆ ಶಂಕರರು. ಗುರು ವಿನಾಕಾರಣ ಗದರಿದರೆ ಅದು ಶಿಷ್ಯನಿಗೆ ಹೊರಗಿನಿಂದ ಬಂದ ವಿಘ್ನ. ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಮಾರನೆಯ ದಿನ ಅವನು ಮುನಿಸಿಕೊಂಡು ಕೂತರೆ, ಅದೇ ವಿಘ್ನ ಒಳಗಿನದಾಯಿತು, ಅದಕ್ಕೆ ಬೇರೆಯದೇ ಶಾಂತಿ ಬೇಕು.